ಹಾಳೆಯಲ್ಲಿ ಇರದಿದ್ದ ಆರು ಗಂಟೆ

ಫೆಬ್ರವರಿಯ ಒಂದು ಶನಿವಾರ, ಸಂಜೆ ಆರಕ್ಕೆ ಐದು ನಿಮಿಷವಿತ್ತು. ಬೆಂಗಳೂರಿನ ಒಂದು ಹೋಟೆಲಿನ ಬ್ಯಾಂಕ್ವೆಟ್ ಹಾಲಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹುಡುಗರು ವೇದಿಕೆಯ ಹಲಗೆ ಜೋಡಿಸುತ್ತಿದ್ದರು, ಹೂವಿನವರು ಏಣಿ ಹತ್ತಿದ್ದರು. ಬಿಳಿ ಸೀರೆಯ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು ಬಂದು, "ನಮ್ಮ ಊಟದ ವ್ಯವಸ್ಥಾ ಎಲ್ಲೈತಪಾ?" ಎಂದು ಕೇಳಿದರು. ಆರತಕ್ಷತೆ ಏಳೂವರೆಗೆ, ಊಟ ಎಂಟಕ್ಕೆ ಎಂದೆ. ಅವರು ಕಿಟಕಿಯಾಚೆಯ ಬಿಸಿಲನ್ನೊಮ್ಮೆ ನೋಡಿದರು. "ಹೊತ್ತ ಮುಳಗಿದ ಮ್ಯಾಲೆ ನಾವು ಉಣ್ಣಂಗಿಲ್ಲೋ ತಮ್ಮಾ."

ನನ್ನ ಜೇಬಿನಲ್ಲಿದ್ದ ಹಾಳೆಯಲ್ಲಿ "ಜೈನ ಊಟ – 25" ಎಂದು ಸ್ಪಷ್ಟವಾಗಿ ಬರೆದಿತ್ತು. ಅಡುಗೆಮನೆಯಲ್ಲಿ ಆ ಊಟ ಸಿದ್ಧವಾಗುತ್ತಲೂ ಇತ್ತು, ಆದರೆ ಎಂಟು ಗಂಟೆಗೆ ಬಡಿಸಲು.

ಆ ಹಾಳೆಯ ಬಗ್ಗೆ ಹೇಳಬೇಕು. ನಮ್ಮ ಹೋಟೆಲುಗಳಲ್ಲಿ ಹಳಬರು ಅದನ್ನು ಎಫ್.ಪಿ. ಎನ್ನುತ್ತಾರೆ, ಅಂದರೆ ಫಂಕ್ಷನ್ ಪ್ರಾಸ್ಪೆಕ್ಟಸ್. ಈಗೀಗ ಬಿ.ಇ.ಒ., ಬ್ಯಾಂಕ್ವೆಟ್ ಈವೆಂಟ್ ಆರ್ಡರ್, ಎನ್ನುವುದೂ ರೂಢಿಯಾಗಿದೆ. ಹೆಸರು ಯಾವುದಾದರೂ ವಸ್ತು ಒಂದೇ: ಒಂದು ಸಮಾರಂಭಕ್ಕೆ ಒಂದು ಹಾಳೆ, ಅದಕ್ಕೊಂದು ನಂಬರು. ಮೇಲ್ಗಡೆ ತಾರೀಖು, ಹಾಲು, ವೇಳೆ, ಕರೆದವರ ಹೆಸರು. ಅದರ ಕೆಳಗೆ ಎಷ್ಟು ಜನ, ತಲೆಗೆ ಎಷ್ಟು ದುಡ್ಡು, ಅಡ್ವಾನ್ಸ್ ಎಷ್ಟು ಬಂತು, ಬಾಕಿ ಯಾರು ಕೊಡುತ್ತಾರೆ. ಎಡಕ್ಕೆ ಮೆನು. ಬಲಕ್ಕೆ ಒಂದೊಂದು ವಿಭಾಗಕ್ಕೂ ಒಂದೊಂದು ಚೌಕ: ಸರ್ವಿಸ್‌ನವರು ಹಾಲನ್ನು ಹೇಗೆ ಹಾಕಬೇಕು, ಎಲೆಕ್ಟ್ರಿಷಿಯನ್ ಎಷ್ಟು ಪಾಯಿಂಟ್ ಕೊಡಬೇಕು, ಹೌಸ್‌ಕೀಪಿಂಗ್‌ನವರು ಯಾವಾಗ ಗುಡಿಸಬೇಕು, ಸೆಕ್ಯುರಿಟಿಯವರು ಎಷ್ಟು ಕಾರಿಗೆ ಜಾಗ ಬಿಡಬೇಕು, ಲಾಬಿಯ ಬೋರ್ಡಿನಲ್ಲಿ ವಧೂವರರ ಹೆಸರು ಯಾವ ಅಕ್ಷರದಲ್ಲಿ ಬರಬೇಕು. ಕೊನೆಯಲ್ಲಿ ಸಮಾರಂಭ ಮಾಡುವವರ ಸಹಿ.

ಚೌಟ್ರಿಯ ಮದುವೆಗೆ ಇಂಥ ಹಾಳೆ ಬೇಕಾಗುವುದಿಲ್ಲ. ಅಲ್ಲಿ ಹುಡುಗಿಯ ತಂದೆ ಅಡುಗೆ ಭಟ್ಟರ ಮುಂದೆಯೇ ಕೂತು ಸಾಮಾನಿನ ಪಟ್ಟಿ ಬರೆಸುತ್ತಾರೆ. ಮಾತು ಕೇಳಿಸಿಕೊಂಡವರೇ ಒಲೆ ಹಚ್ಚುತ್ತಾರೆ, ಅವರ ಹುಡುಗರೇ ಪಂಕ್ತಿಯಲ್ಲಿ ಬಡಿಸುತ್ತಾರೆ. ಹತ್ತು ಜನ ಸೂರ್ಯಾಸ್ತದೊಳಗೆ ಉಣ್ಣಬೇಕೆಂದರೆ ಭಟ್ಟರ ಕಿವಿಗೆ ಒಂದು ಮಾತು ಹಾಕಿದರಾಯಿತು. ಹೋಟೆಲಿನಲ್ಲಿ ಹಾಗಲ್ಲ. ಮಾತು ಕೊಡುವವರು ಸೇಲ್ಸ್‌ನವರು, ಅಡುಗೆ ಮಾಡುವವರು ಬೇರೆ, ಬಡಿಸುವವರು ಇನ್ನೂ ಬೇರೆ. ಮನೆಯವರು ಕಂಡದ್ದು ಮೊದಲನೆಯವರನ್ನು ಮಾತ್ರ. ಮೂರು ತಿಂಗಳ ಹಿಂದೆ ಕಾಫಿ ಕುಡಿಯುತ್ತಾ ಅವರು ಹೇಳಿದ್ದೆಲ್ಲ ಆ ದಿನ ಹಾಲಿನಲ್ಲಿ ನಿಂತ ನನಗೂ ಒಲೆಯ ಮುಂದಿನ ಶೆಫ್‌ಗೂ ತಲುಪುವುದು ಹಾಳೆಯಲ್ಲಿ ಬರೆದಿದ್ದರೆ ಮಾತ್ರ.

ಆ ಶನಿವಾರದ ಹಾಲಿನ ಅಳತೆ ಉದ್ದ 80 ಅಡಿ, ಅಗಲ 60 ಅಡಿ. ಬುಕ್ ಮಾಡಲು ಬರುವವರೆಲ್ಲ ಮೊದಲು ಕೇಳುವುದು, "ಇದರಲ್ಲಿ ಎಷ್ಟು ಜನ ಹಿಡೀತಾರೆ?" ಹೇಗೆ ಕೂರಿಸುತ್ತೀರಿ ಎಂದು ಗೊತ್ತಾಗುವವರೆಗೆ ಇದಕ್ಕೆ ಉತ್ತರವಿಲ್ಲ. ಸಿನಿಮಾ ಟಾಕೀಸಿನ ಹಾಗೆ ಬರೀ ಕುರ್ಚಿ ಸಾಲು ಹಾಕಿದರೆ ತಲೆಗೆ ಸುಮಾರು 10 ಚದರಡಿ ಸಾಕು. ಅದು ಥಿಯೇಟರ್ ಸ್ಟೈಲ್, ನಾನೂರು ಜನ ಆರಾಮಾಗಿ ಕೂರುತ್ತಾರೆ. ಮುಂದೆ ಉದ್ದ ಟೇಬಲ್ ಇಟ್ಟರೆ ಕ್ಲಾಸ್‌ರೂಮ್ ಸ್ಟೈಲ್. ಅದಕ್ಕೆ ತಲೆಗೆ 18 ಚದರಡಿಯಾದರೂ ಬೇಕು, ಜನ ಅರ್ಧಕ್ಕಿಳಿಯುತ್ತಾರೆ. ಇಪ್ಪತ್ತು ಮೂವತ್ತು ಜನ ಮುಖ ನೋಡಿಕೊಂಡು ಮಾತಾಡಬೇಕಾದರೆ ಯು-ಶೇಪ್. ಸಣ್ಣ ಸಭೆಗೆ ಒಂದೇ ದೊಡ್ಡ ಮೇಜಿನ ಸುತ್ತ ಬೋರ್ಡ್‌ರೂಮ್. ಊಟಕ್ಕೆ ರೌಂಡ್ ಟೇಬಲ್.

ರೌಂಡ್ ಟೇಬಲಿನಲ್ಲೇ ಎಲ್ಲರ ಲೆಕ್ಕ ತಪ್ಪುತ್ತದೆ. ಆರಡಿಯ ಟೇಬಲಿಗೆ ಹತ್ತು ಜನ ಕೂರುತ್ತಾರೆ, ಐದಡಿಯದಕ್ಕೆ ಎಂಟು. ಎರಡು ಟೇಬಲಿನ ಅಂಚಿನ ನಡುವೆ ಐದಡಿ ಬಿಡಬೇಕು. ಎರಡೂ ಕಡೆ ಕುರ್ಚಿ ಹಿಂದಕ್ಕೆ ಸರಿದ ಮೇಲೂ ಸ್ಟೂವರ್ಡ್ ಟ್ರೇ ಹಿಡಿದು ನುಗ್ಗುವಷ್ಟು ಜಾಗ ಉಳಿಯಬೇಕಲ್ಲ. ಹಾಗಾಗಿ ಒಂದು ಟೇಬಲ್ 11 ಅಡಿ ಚೌಕ ನುಂಗುತ್ತದೆ. 80 ಅಡಿಯಲ್ಲಿ ಏಳು, 60 ಅಡಿಯಲ್ಲಿ ಐದು, ಒಟ್ಟು 35 ಟೇಬಲ್, 350 ಜನ. ಕಾಗದದ ಮೇಲೆ ಚೆಂದವಾಗಿ ಕಾಣುತ್ತದೆ. ಆದರೆ ಆರತಕ್ಷತೆಗೆ ವೇದಿಕೆ ಬೇಕು, ವೇದಿಕೆ ಮುಂದೆ ಉಡುಗೊರೆ ಹಿಡಿದವರ ಸಾಲಿಗೂ ಫೋಟೋದವರಿಗೂ ಜಾಗ ಬೇಕು, ಗೋಡೆಗುಂಟ ಬಫೆ ಬೇಕು. ಇಷ್ಟೆಲ್ಲ ಬಿಟ್ಟ ಮೇಲೆ ನಮಗೆ ಉಳಿಯುತ್ತಿದ್ದದ್ದು 20 ಟೇಬಲ್, 200 ಕುರ್ಚಿ. ನಮ್ಮ ಕಡೆಯ ಆರತಕ್ಷತೆಯಲ್ಲಿ ಜನ ಒಟ್ಟಿಗೆ ಕೂರುವುದಿಲ್ಲ. ಬರುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ, ಉಂಡು ಹೋಗುತ್ತಾರೆ. ಆದ್ದರಿಂದ 340 ಜನಕ್ಕೆ 200 ಕುರ್ಚಿ ಸಾಕಾಗುತ್ತದೆ. ಎಲ್ಲರೂ ಒಂದೇ ಹೊತ್ತಿಗೆ ಕೂತು ಉಣ್ಣುವ ಊಟವಾದರೆ ಸಾಕಾಗದು. ಹಾಗಾಗಿ ಹಾಳೆಯಲ್ಲಿ ಜನರ ಸಂಖ್ಯೆ ಒಂದು ಕಡೆ, ಕುರ್ಚಿಯ ಸಂಖ್ಯೆ ಇನ್ನೊಂದು ಕಡೆ ಇರಬೇಕು.

ಆ ದಿನ ಬೆಳಿಗ್ಗೆ ಇದೇ ಹಾಲಿನಲ್ಲಿ ಒಂದು ಕಂಪನಿಯ ಸೆಮಿನಾರ್ ಇತ್ತು. ಹಾಳೆಯಲ್ಲಿ "ಕ್ಲಾಸ್‌ರೂಮ್, 120" ಎಂದಷ್ಟೇ ಇತ್ತು. ನಮ್ಮ ಕ್ಲಾಸ್‌ರೂಮ್ ಟೇಬಲ್ ಆರಡಿ ಉದ್ದ, ಒಂದೂವರೆ ಅಡಿ ಅಗಲ. ಹೋಟೆಲಿನವರು ಇದನ್ನು ಐಬಿಎಂ ಟೇಬಲ್ ಎನ್ನುತ್ತಾರೆ. ನೋಟ್‌ಪ್ಯಾಡ್ ಆದರೆ ಮೂವರು ಕೂರಬಹುದು, ಆಗ 40 ಟೇಬಲ್ ಸಾಕು. ಲ್ಯಾಪ್‌ಟಾಪ್ ಆದರೆ ಇಬ್ಬರೇ, 60 ಟೇಬಲ್ ಬೇಕು. ಸಾಲಿಗೆ ಎಂಟು ಟೇಬಲ್ ಹಾಕಿದರೆ ಐದು ಸಾಲೋ ಎಂಟು ಸಾಲೋ ಎಂಬ ವ್ಯತ್ಯಾಸ. ಎಂಟನೆಯ ಸಾಲಿನವರಿಗೆ ಪರದೆಯ ಮೇಲಿನ ಅಕ್ಷರ ಕಾಣಬೇಕಾದರೆ ಪರದೆಯನ್ನೇ ಎತ್ತರಿಸಬೇಕು. ಇದನ್ನು ನಾವು ಶುಕ್ರವಾರ ಮಧ್ಯಾಹ್ನದ ಮೀಟಿಂಗಿನಲ್ಲೇ ಹಿಡಿದೆವು. ಮರುದಿನದ ಹಾಳೆಗಳನ್ನೆಲ್ಲ ಸೇಲ್ಸ್, ಸರ್ವಿಸ್, ಕಿಚನ್ ಮೂವರೂ ಕೂತು ಒಂದೊಂದೇ ಸಾಲು ಗಟ್ಟಿಯಾಗಿ ಓದುವ ಮೀಟಿಂಗ್ ಅದು. ಹದಿನೈದು ನಿಮಿಷದ ಕೆಲಸ. "ಟೇಬಲಿಗೆ ಎಷ್ಟು ಜನ?" ಎಂದು ನಾನು ಕೇಳಿದೆ, ಸೇಲ್ಸ್ ಹುಡುಗಿ ಅಲ್ಲಿಂದಲೇ ಫೋನ್ ಮಾಡಿ ಇಬ್ಬರು ಎಂದಳು. ಗಟ್ಟಿಯಾಗಿ ಓದಿದಾಗಲೇ ಬಿಟ್ಟುಹೋದದ್ದು ಕಿವಿಗೆ ತಟ್ಟುತ್ತದೆ. ಅವರವರ ಚೌಕವನ್ನು ಅವರವರೇ ಮನಸ್ಸಿನಲ್ಲಿ ಓದಿಕೊಂಡರೆ ತಟ್ಟುವುದಿಲ್ಲ.

ಆರತಕ್ಷತೆಯ ಹಾಳೆಯನ್ನೂ ಅದೇ ಮೀಟಿಂಗಿನಲ್ಲಿ ಓದಿದೆವು. ಗ್ಯಾರಂಟಿ 300. ಈ ಗ್ಯಾರಂಟಿ ಎಂಬ ಪದ ಮನೆಯವರಿಗೆ ಅರ್ಥವಾಗಿರಲೇಬೇಕು. ಬರುವವರು ಕಡಿಮೆಯಾದರೂ ಇಷ್ಟು ಜನರ ದುಡ್ಡು ಕೊಡುತ್ತೇನೆ ಎಂಬ ಒಪ್ಪಂದ ಅದು. ಜಾಸ್ತಿಯಾದರೆ ಉಂಡಷ್ಟಕ್ಕೂ ಬಿಲ್ಲು. ಸಾಮಾನ್ಯವಾಗಿ ಎರಡು ಮೂರು ದಿನ ಮುಂಚೆ ಈ ಸಂಖ್ಯೆ ಗಟ್ಟಿಯಾಗಬೇಕು, ಯಾಕೆಂದರೆ ಪನೀರು, ಕೋಳಿ, ತರಕಾರಿಗೆ ಸ್ಟೋರಿನಿಂದ ಆರ್ಡರ್ ಹೋಗುವುದು ಆಗ. ಗ್ಯಾರಂಟಿಯ ಮೇಲೆ ಶೆಫ್ ತನ್ನ ಅಂದಾಜಿನಲ್ಲಿ ಐದರಿಂದ ಹತ್ತು ಪರ್ಸೆಂಟು ಸೇರಿಸಿ ಮಾಡುತ್ತಾರೆ. ನಮ್ಮ ಶೆಫ್ ಮದುವೆಗಳಿಗೆ ಹತ್ತು ಹಿಡಿಯುತ್ತಿದ್ದರು. ಅಲ್ಲಿಗೆ 330 ಜನರ ಅಡುಗೆ.

ಶುಕ್ರವಾರ ಮೀಟಿಂಗ್ ಮುಗಿದು ಎರಡು ಗಂಟೆಯ ಮೇಲೆ ಹುಡುಗನ ತಂದೆಯ ಫೋನ್ ಬಂತು. 340 ಮಾಡಿ, ಅದರಲ್ಲಿ 25 ಜನ ಬೆಳಗಾವಿ ಕಡೆಯ ಜೈನ ಸ್ನೇಹಿತರು. ಸೇಲ್ಸ್‌ನವರು ಸರಿಯಾದ ಕೆಲಸವನ್ನೇ ಮಾಡಿದರು. ಹೊಸ ಹಾಳೆ ತೆಗೆದು, ಮೇಲೆ "ರಿವೈಸ್ಡ್" ಎಂದು ಮುದ್ರೆ ಒತ್ತಿ, ಬದಲಾದ ಸಾಲುಗಳಿಗೆ ಹಳದಿ ಬಳಿದು ಎಲ್ಲ ವಿಭಾಗಕ್ಕೂ ಕಳಿಸಿದರು. ಆದರೆ ಈ ಹಾಳೆಯನ್ನು ಯಾರೂ ಕೂತು ಗಟ್ಟಿಯಾಗಿ ಓದಲಿಲ್ಲ. ಓದಿದ್ದರೆ ನಮ್ಮ ಶೆಫ್ ಕೇಳಿಯೇ ಕೇಳುತ್ತಿದ್ದರು, "ಎಷ್ಟು ಹೊತ್ತಿಗೆ?"

ಜೈನ ಊಟವೆಂದರೆ ಏನು ಹಾಕಬಾರದು ಎಂಬುದು ಅಡುಗೆಮನೆಗೆ ಚೆನ್ನಾಗಿ ಗೊತ್ತು: ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್, ನೆಲದಡಿ ಬೆಳೆಯುವ ಯಾವುದೂ ಕೂಡದು. ಬ್ಯಾಂಕ್ವೆಟ್ ಅಡುಗೆಯಲ್ಲಿ ಇದು ಕೊನೆ ಗಳಿಗೆಯಲ್ಲಿ ಆಗುವ ಕೆಲಸವಲ್ಲ. ದೊಡ್ಡ ಕಡಾಯಿಯಲ್ಲಿ ಬೆಳಿಗ್ಗೆಯೇ ಈರುಳ್ಳಿ-ಟೊಮೇಟೊ ಗ್ರೇವಿ ಕುದಿಸಿಟ್ಟು ಅದರಿಂದಲೇ ನಾಲ್ಕು ಪದಾರ್ಥ ತೆಗೆಯುವುದು ರೂಢಿ. ಈರುಳ್ಳಿ ಬಿದ್ದ ಮೇಲೆ ತೆಗೆಯಲು ಬರುವುದಿಲ್ಲ. ಹಾಗಾಗಿ ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಸೌಟು, ಗೋಡಂಬಿ-ಟೊಮೇಟೊ ಗ್ರೇವಿ. ಇದೆಲ್ಲ ಸರಿಯಾಗಿಯೇ ನಡೆದಿತ್ತು. ಏನು ಎಂಬುದನ್ನು ಹಾಳೆ ಹೇಳಿತ್ತು, ಯಾವಾಗ ಎಂಬುದನ್ನು ಹೇಳಿರಲಿಲ್ಲ. ಆಚರಣೆ ಪಾಲಿಸುವ ಜೈನರು ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ ಎಂಬುದು ಕರ್ನಾಟಕದಲ್ಲಿ ಹುಟ್ಟಿ ಬೆಳೆದ ನನಗೆ ತಿಳಿಯದ್ದೇನಲ್ಲ. ಹಾಳೆಯ ಚೌಕದಲ್ಲಿ 25 ಎಂಬ ಅಂಕಿ ಕಂಡಾಗ ನನ್ನ ಕಣ್ಣಿಗೆ ಬಿದ್ದದ್ದು ತಟ್ಟೆಗಳು ಮಾತ್ರ, ಮನುಷ್ಯರಲ್ಲ.

ಶನಿವಾರ ಇನ್ನೊಂದು ಎಡವಟ್ಟು ಸೇರಿಕೊಂಡಿತು. ಸೆಮಿನಾರ್ ನಾಲ್ಕಕ್ಕೆ ಮುಗಿಯಬೇಕಿತ್ತು. ಏಳಕ್ಕೆ ಹಾಲು ಸಿದ್ಧವಾಗಬೇಕು, ನಡುವೆ ಮೂರು ಗಂಟೆ. ಈ ಮೂರು ಗಂಟೆಯನ್ನು ನಾವು ಟರ್ನ್‌ಅರೌಂಡ್ ಎನ್ನುತ್ತೇವೆ. ಅದರಲ್ಲಿ ಒಂದೊಂದು ನಿಮಿಷಕ್ಕೂ ಯಜಮಾನನಿರುತ್ತಾನೆ. 60 ಟೇಬಲ್ ಮಡಿಸಿ, 120 ಕುರ್ಚಿ ಪೇರಿಸಿ ಹೊರಗೆ ಹಾಕಲು 16 ಹುಡುಗರಿಗೆ ಅರ್ಧ ಗಂಟೆ. ಆಮೇಲೆ ವೇದಿಕೆ. ಎಂಟಡಿ ನಾಲ್ಕಡಿಯ 12 ಹಲಗೆ ಸೇರಿಸಿದರೆ 24ಕ್ಕೆ 16 ಅಡಿಯ ವೇದಿಕೆ. ಅದು ಮೊದಲು ಏಳಬೇಕು, ಯಾಕೆಂದರೆ ಹೂವಿನವರಿಗೆ ಅದರ ಮೇಲೆ ಎರಡು ಗಂಟೆ ಬೇಕು. ಅವರು ದಳ, ತಂತಿ, ಸ್ಪಂಜಿನ ಚೂರು ಎಲ್ಲವನ್ನೂ ನೆಲಕ್ಕೆ ಉದುರಿಸುತ್ತಾರೆ. ಅದಕ್ಕೇ ಬಿಳಿ ಬಟ್ಟೆ, ಕುರ್ಚಿ ಕವರು, ಗ್ಲಾಸು ಕೊನೆಗೆ. ರೌಂಡ್ ಟೇಬಲುಗಳನ್ನು ಚಕ್ರದಂತೆ ಉರುಳಿಸಿ ತಂದು ಜಾಗಕ್ಕೆ ನಿಲ್ಲಿಸುತ್ತೇವೆ. ಮಧ್ಯದ ಟೇಬಲ್ ಮೊದಲು ಇಟ್ಟು, ಅಲ್ಲಿಂದ 11 ಅಡಿ ಹಗ್ಗ ಹಿಡಿದು ಸುತ್ತಲಿನವು. ಗೋಡೆಯಿಂದ ಶುರು ಮಾಡಿದರೆ ಕೊನೆಯ ಸಾಲು ಯಾವಾಗಲೂ ಇರುಕಾಗುತ್ತದೆ.

ಮಧ್ಯಾಹ್ನ ಊಟದ ಹೊತ್ತಿಗೆ ಸೆಮಿನಾರಿನವರು ಸೇಲ್ಸ್‌ಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಹೆಚ್ಚಿಗೆ ಕೇಳಿದರು. ಒಳ್ಳೆಯ ಗಿರಾಕಿ, ತಿಂಗಳಿಗೊಮ್ಮೆ ಬರುವವರು. "ಆಯ್ತು ಸರ್" ಎಂಬ ಮಾತು ಹೋಯಿತು. ನನಗೆ ಗೊತ್ತಾದದ್ದು ನಾಲ್ಕಕ್ಕೆ, ಹುಡುಗರನ್ನು ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದಾಗ. ಸೇಲ್ಸ್‌ನವರನ್ನು ನಾನು ದೂರುವುದಿಲ್ಲ, ಗಿರಾಕಿಯ ಎದುರು ಇಲ್ಲ ಎನ್ನುವುದು ಕಷ್ಟ. ಆದರೆ ಆ ಹಾಲಿನ ಮುಕ್ಕಾಲು ಗಂಟೆ ಆಗಲೇ ಇನ್ನೊಂದು ಮನೆಯವರಿಗೆ ಮಾರಿದ್ದಾಗಿತ್ತು. "ಐದು ನಿಮಿಷ ಬಿಟ್ಟು ಹೇಳ್ತೀನಿ" ಎಂದು ಫೋನಿಟ್ಟು ನನ್ನನ್ನು ಕೇಳಿದ್ದರೆ ಸೆಮಿನಾರಿನವರನ್ನು ಕೊನೆಯ ಮುಕ್ಕಾಲು ಗಂಟೆಗೆ ಹೊರಗಿನ ಫಾಯರ್‌ನಲ್ಲಿ ಕಾಫಿಯ ಜೊತೆ ಕೂರಿಸಬಹುದಿತ್ತು, ಹಾಲನ್ನು ಹಿಂಬದಿಯಿಂದ ಬಿಚ್ಚುತ್ತಾ ಬರಬಹುದಿತ್ತು.

ಹೀಗಾಗಿ ಆರು ಗಂಟೆಗೆ ಅಜ್ಜಿ ಬಂದಾಗ ಹಾಲಿನಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಹಾಲು ನಾಲ್ಕಕ್ಕೇ ಸಿಕ್ಕಿದ್ದರೆ ಒಂದು ಮೂಲೆಯಲ್ಲಿ ನಾಲ್ಕು ಟೇಬಲಾದರೂ ಹಾಕಿರುತ್ತಿದ್ದೆವು.

ಕಿಚನ್‌ಗೆ ಫೋನ್ ಮಾಡಿದೆ. "ಶೆಫ್, ಜೈನ ಊಟ ಈಗ ಬೇಕು." ಆ ಕಡೆ ಎರಡು ಸೆಕೆಂಡ್ ಮೌನ. ಆಮೇಲೆ ಅವರು ಕೇಳಿದ್ದು ಒಂದೇ ಮಾತು, "ಎಷ್ಟು ಜನ ಬಂದಿದಾರೆ?" ತಪ್ಪು ಯಾರದು ಎಂದು ಕೇಳಲಿಲ್ಲ. ಅದಕ್ಕಾಗಿ ಅವರ ಮೇಲೆ ಇಂದಿಗೂ ನನಗೆ ಗೌರವ. ಬೇಳೆ ಬೆಂದಿತ್ತು, ಒಗ್ಗರಣೆ ಬಾಕಿ. ಬೆಂಡೆಕಾಯಿ ಹೆಚ್ಚಿತ್ತು, ಹುರಿಯಬೇಕು. ಅನ್ನ ಇಟ್ಟಿರಲೇ ಇಲ್ಲ. ಸ್ಟಾಫ್ ಊಟಕ್ಕೆ ಮಾಡಿದ್ದ ಬಿಳಿ ಅನ್ನ ತೆಗೆದುಕೊಂಡರು, ಫುಲ್ಕಾ ಹಾಕಲು ಇಬ್ಬರನ್ನು ತವಾ ಮುಂದೆ ನಿಲ್ಲಿಸಿದರು. ಅದೇ ಮಹಡಿಯಲ್ಲಿ 14 ಕುರ್ಚಿಯ ಬೋರ್ಡ್‌ರೂಮ್ ಖಾಲಿಯಿತ್ತು, ಇನ್ನು ನಾಲ್ಕು ಕುರ್ಚಿ ಒಳಗೆ ತುರುಕಿದೆವು. 6:12ಕ್ಕೆ ಮೊದಲ ತಟ್ಟೆ ಹೋಯಿತು. ಆ ದಿನ ಸೂರ್ಯ ಮುಳುಗುವುದು 6:25ರ ಸುಮಾರಿಗೆ. 17 ಜನ ಉಂಡರು. ಅಜ್ಜಿ ಬೇಗ ಬೇಗ, ತಲೆ ಎತ್ತದೆ ಉಂಡರು, ಕೊನೆಯಲ್ಲಿ ತಟ್ಟೆಗೆ ನೀರು ಹಾಕಿ ತೊಳೆದು ಕುಡಿದರು. ಉಳಿದ ಎಂಟು ಜನ ಟ್ರಾಫಿಕ್ಕಿನಲ್ಲಿ ಸಿಕ್ಕಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಅವರಲ್ಲಿ ಕೆಲವರು ಅಕ್ಷತೆ ಹಾಕಿ, ಉಣ್ಣದೆ ಹೋದರು.

ಅಲ್ಲಿಗೆ ಆ ಹಾಳೆಯ ತೊಂದರೆ ಮುಗಿಯಲಿಲ್ಲ. ಬಫೆ ತೆರೆದ ಮೇಲೆ ಹಾಲಿಗೂ ಕಿಚನ್‌ಗೂ ನಡುವೆ ಒಬ್ಬನೇ ಮಾತಾಡಬೇಕು ಎಂಬುದು ನಮ್ಮ ಪದ್ಧತಿ. ಆ ದಿನ ಅದು ನಾನು. ಚೇಫಿಂಗ್ ಡಿಶ್ ಒಂದಕ್ಕೆ ಮೂವತ್ತು ಜನರ ಪದಾರ್ಥ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಮೂರನೇ ಒಂದು ಭಾಗ ಉಳಿದಾಗಲೇ ಪಿಕಪ್ ಹೇಳಬೇಕು. ಕಿಚನ್‌ನಿಂದ ಟ್ರಾಲಿ ಬರಲು ಏಳೆಂಟು ನಿಮಿಷ, ಅಷ್ಟರಲ್ಲಿ ಉಳಿದದ್ದು ಖಾಲಿಯಾಗಿರುತ್ತದೆ. ತಳ ಕಂಡ ಮೇಲೆ ಹೇಳಿದರೆ ಸಾಲು ನಿಲ್ಲುತ್ತದೆ. ಹಾಗೆಂದು ಎಲ್ಲವನ್ನೂ ಮೊದಲೇ ತಂದು ಹಾಲಿನಲ್ಲಿಟ್ಟರೆ ಬರ್ನರಿನ ಶಾಖ ಸಾಲದೆ ಪದಾರ್ಥ 60 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಅದು ರುಚಿಗಿಂತ ಹೆಚ್ಚಾಗಿ ಆರೋಗ್ಯದ ಪ್ರಶ್ನೆ. ಜೊತೆಗೆ ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಎಷ್ಟು ತಟ್ಟೆ ಹೋಯಿತೆಂದು ಕಿಚನ್‌ಗೆ ಹೇಳುತ್ತಿರಬೇಕು. ಶೆಫ್ ಐದನೇ ಒಂದು ಭಾಗವನ್ನು ಅರ್ಧ ಬೇಯಿಸಿಟ್ಟುಕೊಂಡಿರುತ್ತಾರೆ, ಅದನ್ನು ಒಲೆಗೇರಿಸುವುದೋ ಬೇಡವೋ ಎಂಬುದು ಈ ಲೆಕ್ಕದ ಮೇಲೆ ನಿಂತಿದೆ.

ರಾತ್ರಿ 9:40ಕ್ಕೆ ಜಾಮೂನಿನ ಪಿಕಪ್ ಹೇಳಿದೆ. "ಆಯ್ತಲ್ಲಾ, ಅಷ್ಟೇ ಮಾಡಿದ್ದು" ಎಂದು ಸ್ವೀಟ್ ಸೆಕ್ಷನ್‌ನಿಂದ ಉತ್ತರ ಬಂತು. ಓಡಿ ಹೋಗಿ ನೋಡಿದರೆ ಅವರ ಗೋಡೆಯ ಮೇಲೆ ಹಳೆಯ ಹಾಳೆಯೇ ಇತ್ತು. ಹೊಸದು ಬಂದಿತ್ತು, ಆದರೆ ಹಳೆಯದರ ಕ್ಲಿಪ್ಪಿನ ಹಿಂದೆ ಸೇರಿತ್ತು. 300ಕ್ಕೆ ತಲೆಗೆ ಎರಡರಂತೆ 600, ಮೇಲೆ ಹತ್ತು ಪರ್ಸೆಂಟು ಸೇರಿ 660 ಜಾಮೂನು. ಒಟ್ಟು ಉಂಡವರು 348 ಎಂದು ಆಮೇಲೆ ಗೊತ್ತಾಯಿತು, ಅಂದರೆ 696 ಬೇಕಿತ್ತು. ಬರೀ 36ರ ಕೊರತೆ. ಆದರೆ ಮೂರು ಹಾಕಿಕೊಂಡವರೂ ಇದ್ದದ್ದರಿಂದ ಕೊನೆಯ ಐವತ್ತು ಜನಕ್ಕೆ ಜಾಮೂನಿಲ್ಲ. ಇಷ್ಟೇ ಕೊರತೆ ಅನ್ನದಲ್ಲಾಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಾವು ತಲೆಗೆ 70 ಗ್ರಾಂ ಅಕ್ಕಿ ಹಿಡಿಯುತ್ತೇವೆ, 18 ಜನಕ್ಕೆ ಸುಮಾರು ಒಂದೂಕಾಲು ಕಿಲೋ, ಅದು ಎಲ್ಲರ ಸೌಟಿನಲ್ಲಿ ಹಂಚಿಹೋಗುತ್ತದೆ. ಎಣಿಸಿ ಮಾಡುವ ಜಾಮೂನು, ವಡೆ, ಐಸ್‌ಕ್ರೀಮಿನಲ್ಲಿ ಹಂಚಿಹೋಗುವುದಿಲ್ಲ. ಯಾರಾದರೂ ಹಳೆಯ ಹಾಳೆ ಹಿಡಿದು ಕೂತಿದ್ದಾರೆಯೇ ಎಂದು ತಿಳಿಯಬೇಕಾದರೆ ಸಿಹಿಯ ತಟ್ಟೆ ನೋಡಬೇಕು. ಈ ಪಾಠ ಕಲಿತ ಮೇಲೆ ನಾವು ಹೊಸ ಹಾಳೆ ಕೊಡುವಾಗ ಹಳೆಯದನ್ನು ಕೈಯಿಂದಲೇ ವಾಪಸು ಪಡೆಯಲು ಶುರು ಮಾಡಿದೆವು. ಹಳೆಯದನ್ನು ಕೊಡದವರಿಗೆ ಹೊಸದು ಕೊಡುತ್ತಿರಲಿಲ್ಲ.

348 ಎಂಬ ಲೆಕ್ಕ ಬಂದದ್ದು ಹೇಗೆಂದರೆ, ನಮ್ಮಲ್ಲಿ ಮದುವೆ ಅಡುಗೆಯವರು ಎಲೆ ಲೆಕ್ಕ ಇಡುವ ಹಾಗೆ ಹೋಟೆಲಿನಲ್ಲಿ ತಟ್ಟೆ ಲೆಕ್ಕ. ಬಫೆ ತೆರೆಯುವ ಮುಂಚೆ ಇಪ್ಪತ್ತಿಪ್ಪತ್ತರ 19 ಪೇರಿಕೆ, 380 ತಟ್ಟೆ ಇಟ್ಟು ಮನೆಯವರ ಕಡೆಯ ಒಬ್ಬರನ್ನು ಕರೆದು ತೋರಿಸಿದ್ದೆ. ನಡುವೆ ತೊಳೆದ ತಟ್ಟೆ ವಾಪಸು ಬಂದು ಆ ಪೇರಿಕೆಗೆ ಸೇರಬಾರದು, ಸೇರಿದರೆ ಲೆಕ್ಕ ಕೆಟ್ಟಿತು. ಹನ್ನೊಂದು ಗಂಟೆಗೆ ಹುಡುಗನ ಚಿಕ್ಕಪ್ಪನ ಎದುರು ಉಳಿದವನ್ನು ಎಣಿಸಿದೆವು, 49. ಹೋದದ್ದು 331, ಬೋರ್ಡ್‌ರೂಮಿನ 17 ಸೇರಿ 348. ಮಕ್ಕಳು ಎರಡನೇ ಸಲ ಹೊಸ ತಟ್ಟೆ ತೆಗೆದುಕೊಂಡಿದ್ದಾರೆ ಎಂದು ಅವರು ಹೇಳಿದರು. ಅದು ನಿಜವಿರಬಹುದು, ಎಲ್ಲ ಮದುವೆಯಲ್ಲೂ ಇರುತ್ತದೆ. ಅದಕ್ಕೆಂದೇ ನಾವು ಬಫೆಯ ಹತ್ತಿರ ಒಬ್ಬ ಹುಡುಗನನ್ನು ನಿಲ್ಲಿಸಿ ಎರಡನೇ ತಟ್ಟೆಗಳನ್ನು ಗೀಟು ಹಾಕಿಸಿಟ್ಟಿದ್ದೆವು, ಹನ್ನೊಂದು ಗೀಟು. ಅಷ್ಟನ್ನು ಕಳೆದರೆ 337, ಗ್ಯಾರಂಟಿ 340. ಬಿಲ್ಲು 340ಕ್ಕೆ ನಿಂತಿತು, ಅವರು ಸಹಿ ಹಾಕಿದರು.

ಅಷ್ಟರಲ್ಲಿ ಹುಡುಗನ ತಂದೆ ಬಂದರು. ಜಾಮೂನಿನ ಮಾತು ಎತ್ತಲಿಲ್ಲ. "ಬೆಳಗಾವಿಯವರು ಉಂಡ್ರಾ?" ಎಂದು ಕೇಳಿದರು. ಹದಿನೇಳು ಜನ ಉಂಡರು, ಎಂಟು ಜನಕ್ಕೆ ಆಗಲಿಲ್ಲ, ಅದು ನಮ್ಮಿಂದಾದ ತಪ್ಪು ಎಂದೆ. ಮರುದಿನ ಬೆಳಿಗ್ಗೆ ಆ ಹಾಳೆ ಅಕೌಂಟ್ಸ್‌ಗೆ ಹೋಗುವ ಮುಂಚೆ ನಾನೂ ಶೆಫ್ಫೂ ಸೇಲ್ಸ್ ಹುಡುಗಿಯೂ ಅದನ್ನು ಮುಂದಿಟ್ಟುಕೊಂಡು ಕೂತೆವು. ಮುಂದಿನ ಶನಿವಾರವೂ ಒಂದು ಆರತಕ್ಷತೆಯಿತ್ತು, ಅದರಲ್ಲೂ ಜೈನ ಊಟ 10. ಆ ಹುಡುಗಿ ಅಲ್ಲೇ ಕೂತು ಮನೆಯವರಿಗೆ ಫೋನ್ ಮಾಡಿ, ಆ ಸಾಲಿನ ಮುಂದೆ ತನ್ನ ಕೈಯಾರೆ ಬರೆದಳು: "ಸಂಜೆ 5:45, ಬೋರ್ಡ್‌ರೂಮ್, ಕೂತು ಉಣ್ಣುವವರು, ಕುಡಿಯಲು ಕಾಯಿಸಿ ಆರಿಸಿದ ನೀರು."